ಒಂದು ಜಿಬಿ ಮೆಮೊರಿಯ ಹಳೇ ನೆಟ್‌ಬುಕ್: 32-ಬಿಟ್ ಹಾಕೋದೋ, 64-ಬಿಟ್ ಹಾಕೋದೋ?

ಹಳೇ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿಸೋಣ ಅಂತ ಹುಬ್ಬಳ್ಳಿಯ ಯಾವುದೇ ರಿಪೇರಿ ಅಂಗಡಿಗೆ ಹೋಗಿ, ಮೊದಲು ಬರುವ ಪ್ರಶ್ನೆ ಒಂದೇ: "ರ್‍ಯಾಮ್ ಎಷ್ಟೈತ್ರಿ?" ಒಂದು ಜಿಬಿ ಅಂದರೆ ಮುಂದೆ ಮಾತೇ ಇಲ್ಲ, 32-ಬಿಟ್ ಹಾಕಿ ಕೊಡುತ್ತಾರೆ. ಹತ್ತು ವರ್ಷದ ಹಿಂದೆ ಇದು ಸರಿಯಾದ ಉತ್ತರವೇ ಆಗಿತ್ತು. ಈಗ ಅರ್ಧ ಮಾತ್ರ ಸರಿ. 32-ಬಿಟ್ ಆವೃತ್ತಿ ಮೆಮೊರಿ ಉಳಿಸುತ್ತದೆ ಅನ್ನುವುದು ಇವತ್ತಿಗೂ ನಿಜ. ಆದರೆ ಅದಕ್ಕೆ ಸುರಕ್ಷತೆಯ ಅಪ್‌ಡೇಟ್ ಬರುವ ದಾರಿಗಳು ಒಂದೊಂದಾಗಿ ಮುಚ್ಚುತ್ತಿವೆ. ಲಿನಕ್ಸ್‌ನ ಬಗೆಗಳಲ್ಲಿ ಒಂದಾದ ಉಬುಂಟು 2017ರಲ್ಲೇ 32-ಬಿಟ್ ಡೆಸ್ಕ್‌ಟಾಪ್ ಇನ್‌ಸ್ಟಾಲ್ ಮಾಡುವ ಇಮೇಜ್ ಫೈಲ್ ಕೊಡುವುದನ್ನು ನಿಲ್ಲಿಸಿತು. ಕೊನೆಯವರೆಗೂ ಕೈಬಿಡದೆ ಉಳಿದಿದ್ದ ದೊಡ್ಡ ಆಸರೆ ಡೆಬಿಯನ್. ಅದೂ 2025ರ ಆಗಸ್ಟ್‌ನಲ್ಲಿ ಬಂದ 13ನೇ ಆವೃತ್ತಿಯಿಂದ 32-ಬಿಟ್ ಇನ್‌ಸ್ಟಾಲರ್ ಮತ್ತು ಲಿನಕ್ಸಿನ ತಿರುಳಾದ ಕರ್ನಲ್ ಎರಡನ್ನೂ ಕೈಬಿಟ್ಟಿದೆ.

ಹಾಗಾಗಿ ರ್‍ಯಾಮ್ ಎಷ್ಟು ಅನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಪ್ರೊಸೆಸರ್ 64-ಬಿಟ್ ನಡೆಸಬಲ್ಲುದೇ? ನಡೆಸುವುದಾದರೆ ಆ ಯಂತ್ರದ ಮೆಮೊರಿಯನ್ನು 2 ಜಿಬಿಗೆ ಏರಿಸಬಹುದೇ? ಈ ಎರಡಕ್ಕೂ ಹೌದು ಎಂದಾದರೆ ಉಳಿದ ಚರ್ಚೆ ಬಹುಮಟ್ಟಿಗೆ ಮುಗಿದಂತೆ. ಇಲ್ಲಿ ಬ್ಯಾಡಗಿಯ ಒಂದು ಅಡತಿ ಅಂಗಡಿಯ ನೆಟ್‌ಬುಕ್ಕನ್ನೇ ಮುಂದಿಟ್ಟುಕೊಂಡು ಎಲ್ಲ ಹೆಜ್ಜೆಗಳನ್ನು ಬಿಡಿಸಿ ಹೇಳುತ್ತೇನೆ. ಅದರಲ್ಲಿ ಇದ್ದದ್ದು ಇಂಟೆಲ್ ಆಟಂ ಎನ್450 ಪ್ರೊಸೆಸರ್, 1 ಜಿಬಿ ಡಿಡಿಆರ್2 ಮೆಮೊರಿ, ತಿರುಗುವ ಹಾರ್ಡ್‌ಡಿಸ್ಕ್, ವಿಂಡೋಸ್ 7 ಸ್ಟಾರ್ಟರ್. ಕೆಲಸ ಮೂರೇ: ಲಾಟಿನ ಲೆಕ್ಕ ಬರೆಯುವ ಸ್ಪ್ರೆಡ್‌ಶೀಟ್, ಮೆಣಸಿನಕಾಯಿ ದರ ನೋಡುವ ವೆಬ್‌ಸೈಟ್, ಬ್ಯಾಂಕಿನ ಪುಟ.

ಪ್ರೊಸೆಸರ್ ಏನು ಹೇಳುತ್ತದೆ ನೋಡಿ, ವಿಂಡೋಸ್ ಏನು ಹೇಳುತ್ತದೆ ಅನ್ನುವುದನ್ನಲ್ಲ

ಅಂಗಡಿಯ ಮಾಲೀಕರು ಮೊದಲೇ ಹೇಳಿದ್ದರು: "ನೋಡ್ರಿ ಸರ, ಇದು 32-ಬಿಟ್ ಮಷೀನ್ ಐತಿ. ಪ್ರಾಪರ್ಟೀಸ್‌ನ್ಯಾಗ ಹಂಗ ಬರ್ದೈತಿ." ಬರೆದಿದ್ದು ನಿಜ. ಆದರೆ ವಿಂಡೋಸ್ 7ರ ಸಿಸ್ಟಂ ಪುಟದಲ್ಲಿ ಕಾಣುವ `32-bit Operating System` ಅನ್ನುವ ಸಾಲು ಹಾಕಿರುವ ವಿಂಡೋಸ್ ಬಗ್ಗೆ ಹೇಳುತ್ತದೆಯೇ ಹೊರತು ಯಂತ್ರದ ಬಗ್ಗೆ ಅಲ್ಲ. ಅದರಲ್ಲೂ ಸ್ಟಾರ್ಟರ್ ಎಂಬ ಆವೃತ್ತಿ 32-ಬಿಟ್‌ನಲ್ಲಿ ಮಾತ್ರ ಬಂದದ್ದು. 2010ರ ಸುಮಾರಿಗೆ ಮಾರಾಟವಾದ ಎಷ್ಟೋ ನೆಟ್‌ಬುಕ್‌ಗಳು ಒಳಗೆ 64-ಬಿಟ್ ಪ್ರೊಸೆಸರ್ ಇಟ್ಟುಕೊಂಡು, ಹೊರಗೆ 32-ಬಿಟ್ ಪಟ್ಟಿ ಅಂಟಿಸಿಕೊಂಡು ಇಷ್ಟು ವರ್ಷ ನಡೆದಿವೆ.

ವಿಂಡೋಸ್ ಇರುವಾಗಲೇ ನೋಡಬೇಕೆಂದರೆ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಕೊಡಿ:

```
wmic cpu get addresswidth,datawidth,name
```

ಬ್ಯಾಡಗಿಯ ಯಂತ್ರದಲ್ಲಿ `AddressWidth` ಕೆಳಗೆ 32 ಅಂತಲೂ `DataWidth` ಕೆಳಗೆ 64 ಅಂತಲೂ ಬಂತು. ಮೊದಲನೆಯದು ಈಗ ನಡೆಯುತ್ತಿರುವ ವಿಂಡೋಸ್‌ನದ್ದು, ಎರಡನೆಯದು ಪ್ರೊಸೆಸರ್‌ನದ್ದು. ನಮಗೆ ಬೇಕಾದದ್ದು ಎರಡನೆಯದು.

ಲಿನಕ್ಸ್‌ನಲ್ಲೂ ಇದೇ ಬಲೆ ಇದೆ. ಜನ `uname -m` ಕೊಟ್ಟು `i686` ಅಂತ ಬಂದ ಕೂಡಲೇ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಅದು ಕರ್ನಲ್ ಯಾವುದು ಅಂತ ಹೇಳುತ್ತದೆ, ಅಷ್ಟೇ. ಪ್ರೊಸೆಸರನ್ನು ಕೇಳುವ ಕಮಾಂಡ್ ಇದು:

```
grep -c -w lm /proc/cpuinfo
```

ಇಲ್ಲಿ `lm` ಅಂದರೆ 64-ಬಿಟ್ ವಿಧಾನ ಇದೆ ಅನ್ನುವ ಗುರುತು. ಸೊನ್ನೆ ಬಂದರೆ ಆ ಪ್ರೊಸೆಸರ್ 32-ಬಿಟ್‌ನದ್ದೇ, ಮುಂದಿನ ಮಾತೇ ಬೇಡ. ಒಂದೋ ಎರಡೋ ನಾಲ್ಕೋ ಬಂದರೆ 64-ಬಿಟ್ ನಡೆಯುತ್ತದೆ. ಎನ್450 ಒಂದೇ ಕೋರ್‌ನದ್ದಾದರೂ ಎರಡು ಥ್ರೆಡ್ ಇರುವುದರಿಂದ 2 ಬಂತು.

ಹೆಸರು ನೋಡಿಯೇ ಗುರುತಿಸುವುದು ನಮ್ಮ ಕಡೆ ಸಿಗುವ ಹಳೇ ಮಾಲಿನಲ್ಲಿ ಸ್ವಲ್ಪ ಅಪಾಯ. ಕೋರ್ ಡ್ಯುಯೋ 32-ಬಿಟ್, ಕೋರ್ 2 ಡ್ಯುಯೋ 64-ಬಿಟ್. ನಡುವೆ ಇರುವುದು ಬರೀ ಒಂದು ಅಂಕಿ. ಆಟಂ ಎನ್270 ಮತ್ತು ಎನ್280 32-ಬಿಟ್, ಎನ್450 64-ಬಿಟ್. ಹೊರಗಿನಿಂದ ಎರಡೂ ನೆಟ್‌ಬುಕ್ ಒಂದೇ ಥರ ಕಾಣುತ್ತವೆ. ಪೆಂಟಿಯಂ 4 ಅಂತೂ ಅದೇ ಹೆಸರಿನಲ್ಲಿ ಎರಡೂ ಬಗೆ ಬಂದಿವೆ. ಅದಕ್ಕೇ ಸ್ಟಿಕ್ಕರ್ ಓದದೆ ಕಮಾಂಡ್ ಕೊಡಿ ಅನ್ನುವುದು.

ತಪ್ಪಿ 32-ಬಿಟ್ ಪ್ರೊಸೆಸರ್‌ಗೆ 64-ಬಿಟ್ ಪೆನ್‌ಡ್ರೈವ್ ಚುಚ್ಚಿದರೆ ಏನೂ ಹಾಳಾಗುವುದಿಲ್ಲ. ಕಪ್ಪು ಪರದೆಯ ಮೇಲೆ `This kernel requires an x86-64 CPU, but only detected an i686 CPU` ಅಂತ ಬಂದು ನಿಂತುಬಿಡುತ್ತದೆ. ಇದನ್ನು ನೋಡಿ ಪೆನ್‌ಡ್ರೈವ್ ಕೆಟ್ಟಿದೆ ಅಂತ ಮತ್ತೆ ಮತ್ತೆ ಬರೆಯುತ್ತ ಕೂತವರನ್ನು ನೋಡಿದ್ದೇನೆ. ಪೆನ್‌ಡ್ರೈವ್ ಸರಿಯಾಗಿಯೇ ಇದೆ, ಯಂತ್ರವೇ ಒಲ್ಲೆ ಅನ್ನುತ್ತಿದೆ.

ಇಮೇಜ್ ಫೈಲಿನ ಹೆಸರಿನಲ್ಲಿ ಬರುವ `amd64` ನೋಡಿ ಇಂಟೆಲ್ ಯಂತ್ರದವರು ಹೆದರಬೇಕಿಲ್ಲ. 64-ಬಿಟ್ ಇಂಟೆಲ್‌ಗೂ ಅದೇ ಫೈಲು. `i386` ಅಂತ ಇರುವುದು 32-ಬಿಟ್.

64-ಬಿಟ್ ಯಾಕೆ ಹೆಚ್ಚು ಮೆಮೊರಿ ತಿನ್ನುತ್ತದೆ, ಎಷ್ಟು ತಿನ್ನುತ್ತದೆ

ಪ್ರೋಗ್ರಾಂ ತನ್ನ ಮಾಹಿತಿ ಮೆಮೊರಿಯಲ್ಲಿ ಎಲ್ಲಿದೆ ಎಂದು ನೆನಪಿಡಲು ಪ್ರತಿಯೊಂದಕ್ಕೂ ಒಂದು ವಿಳಾಸ ಬರೆದಿಟ್ಟುಕೊಳ್ಳುತ್ತದೆ. 32-ಬಿಟ್‌ನಲ್ಲಿ ಒಂದು ವಿಳಾಸಕ್ಕೆ 4 ಬೈಟ್, 64-ಬಿಟ್‌ನಲ್ಲಿ 8 ಬೈಟ್. ಇಷ್ಟು ಕೇಳಿದ ಕೂಡಲೇ "ಹಂಗಾರ ಮೆಮೊರಿ ಡಬಲ್ ಬೇಕಲ್ಲ" ಅನ್ನುತ್ತಾರೆ. ಡಬಲ್ ಆಗುವುದಿಲ್ಲ. ಚೀಲಕ್ಕೆ ಕಟ್ಟುವ ಚೀಟಿ ದೊಡ್ಡದಾಯಿತೆಂದು ಚೀಲದೊಳಗಿನ ಮೆಣಸಿನಕಾಯಿ ಹೆಚ್ಚಾಗುವುದಿಲ್ಲ. ಚಿತ್ರ, ಅಕ್ಷರ, ಅಂಕಿಗಳು ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ ಜಾಗ ಹಿಡಿಯುತ್ತವೆ. ವಿಳಾಸಗಳೇ ತುಂಬಿರುವ ಪ್ರೋಗ್ರಾಂಗಳಲ್ಲಿ ಮಾತ್ರ ವ್ಯತ್ಯಾಸ ಎದ್ದು ಕಾಣುತ್ತದೆ. ಅಂಥ ಪ್ರೋಗ್ರಾಂಗಳ ಪೈಕಿ ಮೊದಲನೆಯದು ಬ್ರೌಸರ್. ಒಂದೊಂದು ವೆಬ್‌ಪುಟವೂ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಸಾವಿರಾರು ಸಣ್ಣ ತುಣುಕುಗಳ ಗಂಟು.

ಕರ್ನಲ್ ಕೂಡ ಒಂದಿಷ್ಟು ಹೆಚ್ಚು ತಿನ್ನುತ್ತದೆ. ಅದು ಇಡೀ ಮೆಮೊರಿಯನ್ನು 4 ಕಿಲೋಬೈಟಿನ ಪುಟಗಳಾಗಿ ಹಂಚಿಕೊಂಡು, ಪ್ರತಿ ಪುಟಕ್ಕೂ ಒಂದು ದಾಖಲೆ ಇಡುತ್ತದೆ. 64-ಬಿಟ್‌ನಲ್ಲಿ ಆ ದಾಖಲೆ 64 ಬೈಟ್. ಒಂದು ಜಿಬಿಯಲ್ಲಿ 2,62,144 ಪುಟ ಇರುವುದರಿಂದ ದಾಖಲೆಗೇ 16 ಎಂಬಿ ಹೋಯಿತು. 32-ಬಿಟ್‌ನಲ್ಲಿ ಇದರ ಅರ್ಧದ ಆಸುಪಾಸು. ಲೆಕ್ಕಕ್ಕೆ ಹಿಡಿಯುವಂಥ ದೊಡ್ಡ ಮೊತ್ತ ಅಲ್ಲ.

ಇನ್ನು ಲಾಭದ ಕಡೆ ನೋಡಿದರೆ, 64-ಬಿಟ್‌ನಲ್ಲಿ ಪ್ರೊಸೆಸರ್‌ನೊಳಗಿನ ಸಾಮಾನ್ಯ ಬಳಕೆಯ ರಿಜಿಸ್ಟರ್‌ಗಳು 8ರಿಂದ 16 ಆಗುತ್ತವೆ. ಕೈಯಳತೆಯಲ್ಲೇ ಹೆಚ್ಚು ಸಾಮಾನು ಇಟ್ಟುಕೊಳ್ಳಲು ಜಾಗ ಸಿಗುವುದರಿಂದ ಮೆಮೊರಿಗೆ ಓಡಾಟ ಕಡಿಮೆಯಾಗುತ್ತದೆ. ಫೈಲ್ ಜಿಪ್ ಮಾಡುವುದು, ಸುರಕ್ಷಿತ ವೆಬ್‌ಸೈಟಿನ ಸಂಕೇತ ಬಿಡಿಸುವುದು ಇಂಥ ಕಡೆ ಗುಣ ಕಾಣುತ್ತದೆ. ಆದರೆ ಒಂದು ಷರತ್ತು: ಮೆಮೊರಿ ತುಂಬಿ ಅದರಲ್ಲಿದ್ದದ್ದು ಹಾರ್ಡ್‌ಡಿಸ್ಕಿಗೆ ಹೋಗಿ ಬರಲು, ಅಂದರೆ ಸ್ವಾಪ್ ಆಗಲು ಶುರುವಾದರೆ ಈ ಲಾಭವೆಲ್ಲ ಕೊಚ್ಚಿಹೋಗುತ್ತದೆ. ತಿರುಗುವ ಡಿಸ್ಕಿನ ಎದುರು ರಿಜಿಸ್ಟರ್ ಲೆಕ್ಕಕ್ಕೇ ಇಲ್ಲ.

ನಿಮ್ಮ ಯಂತ್ರದಲ್ಲೇ ಅಳೆಯಿರಿ

ಬೇರೆಯವರ ಅಂಕಿ ನಂಬುವುದಕ್ಕಿಂತ ಒಂದು ಸಂಜೆ ಕೂತು ಅಳೆಯುವುದು ಮೇಲು. ಇದಕ್ಕೆ ಆಂಟಿಎಕ್ಸ್ 23 ಅನುಕೂಲ. ಡೆಬಿಯನ್ 12ರ ಮೇಲೆ ಕಟ್ಟಿದ ಈ ಹಗುರ ಲಿನಕ್ಸ್ ಒಂದೇ ಆವೃತ್ತಿಯನ್ನು 32 ಮತ್ತು 64 ಎರಡರಲ್ಲೂ ಕೊಡುತ್ತದೆ. ಫೈಲಿನ ಹೆಸರಿನಲ್ಲಿ `386` ಮತ್ತು `x64` ಅಂತ ಇರುತ್ತದೆ. ಎರಡು ಪೆನ್‌ಡ್ರೈವ್‌ಗೆ ಒಂದೊಂದನ್ನು ಬರೆದುಕೊಂಡು, ಇನ್‌ಸ್ಟಾಲ್ ಮಾಡದೆ ಲೈವ್ ಆಗಿಯೇ ನಡೆಸಿ. ಒಂದರಲ್ಲಿ ಹಳೆಯ ಲಿನಕ್ಸ್, ಇನ್ನೊಂದರಲ್ಲಿ ಹೊಸ ಲಿನಕ್ಸ್ ಹಾಕಿ ಹೋಲಿಸಿದರೆ ವ್ಯತ್ಯಾಸ ಬಿಟ್‌ನದ್ದೋ ಆವೃತ್ತಿಯದ್ದೋ ಗೊತ್ತಾಗುವುದಿಲ್ಲ.

ಡೆಸ್ಕ್‌ಟಾಪ್ ಬಂದ ಮೇಲೆ ಒಂದೆರಡು ನಿಮಿಷ ಸುಮ್ಮನೆ ಬಿಡಿ. ಆಮೇಲೆ ಟರ್ಮಿನಲ್‌ನಲ್ಲಿ `free -m` ಕೊಟ್ಟು `available` ಕಂಬ ಓದಿ. `free` ಕಂಬ ನೋಡಿ ಗಾಬರಿಯಾಗಬೇಡಿ; ಡಿಸ್ಕಿನಿಂದ ಓದಿದ್ದನ್ನು ಲಿನಕ್ಸ್ ಮೆಮೊರಿಯಲ್ಲೇ ಇಟ್ಟುಕೊಂಡಿರುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ನಂತರ ನೀವು ದಿನಾ ತೆರೆಯುವ ಪುಟಗಳನ್ನೇ, ಅದೇ ಕ್ರಮದಲ್ಲಿ ತೆರೆಯಿರಿ. ಸ್ಪ್ರೆಡ್‌ಶೀಟ್ ಕೂಡ ತೆರೆದಿಡಿ. ಪಕ್ಕದ ಟರ್ಮಿನಲ್‌ನಲ್ಲಿ ಇದು ಓಡುತ್ತಿರಲಿ:

```
vmstat 5
```

ಐದು ಸೆಕೆಂಡಿಗೊಂದು ಸಾಲು ಬರುತ್ತದೆ. ಅದರಲ್ಲಿ `si` ಮತ್ತು `so` ಎರಡೇ ಕಂಬ ನೋಡಿದರೆ ಸಾಕು. ಸ್ವಾಪ್‌ನಿಂದ ಒಳಗೆ ಬಂದದ್ದು, ಸ್ವಾಪ್‌ಗೆ ಹೊರಗೆ ಹೋದದ್ದು. `free -m` ನ `Swap` ಸಾಲಿನಲ್ಲಿ ಸೊನ್ನೆ ಇದ್ದರೆ ಮಾತ್ರ ಈ ಕಂಬಗಳೂ ಸೊನ್ನೆಯಲ್ಲೇ ಇರುತ್ತವೆ, ಆಗ `available` ಅಂಕಿಯನ್ನೇ ನೋಡಿ. ಟ್ಯಾಬ್ ಬದಲಿಸಿದಾಗ ಒಮ್ಮೆ ಅಂಕಿ ಜಿಗಿದು ಮತ್ತೆ ಸೊನ್ನೆಗೆ ಇಳಿದರೆ ಚಿಂತೆ ಇಲ್ಲ. ಏನೂ ಮಾಡದೆ ಕೂತಾಗಲೂ ಎರಡೂ ಕಂಬದಲ್ಲಿ ನೂರು ಸಾವಿರ ಓಡುತ್ತಿದ್ದರೆ ಆ ಆವೃತ್ತಿಗೆ ಈ ಮೆಮೊರಿ ಸಾಲುತ್ತಿಲ್ಲ. ಲೈವ್ ಆಗಿ ನಡೆಸುವಾಗ ನೀವು ಬರೆದ ಫೈಲುಗಳೂ ಮೆಮೊರಿಯಲ್ಲೇ ಕೂರುತ್ತವೆ, ಹಾಗಾಗಿ ಇನ್‌ಸ್ಟಾಲ್ ಆದ ಮೇಲೆ ಇದಕ್ಕಿಂತ ಸ್ವಲ್ಪ ಒಳ್ಳೆಯ ಸ್ಥಿತಿ ಇರುತ್ತದೆ. ಎರಡಕ್ಕೂ ಅದೇ ಅನನುಕೂಲ ಇರುವುದರಿಂದ ಹೋಲಿಕೆಗೆ ಅಡ್ಡಿಯಿಲ್ಲ.

ಬ್ಯಾಡಗಿಯ ನೆಟ್‌ಬುಕ್ಕಿನಲ್ಲಿ ಖಾಲಿ ಡೆಸ್ಕ್‌ಟಾಪ್‌ಗೆ 32-ಬಿಟ್ 190 ಎಂಬಿ ಆಸುಪಾಸು, 64-ಬಿಟ್ 260ರ ಆಸುಪಾಸು ತಗೊಂಡಿತು. ಎಪ್ಪತ್ತು ಎಂಬಿ ವ್ಯತ್ಯಾಸ, ಯಾರ ಕಣ್ಣಿಗೂ ಬೀಳದಷ್ಟು. ಸ್ಪ್ರೆಡ್‌ಶೀಟ್ ತೆರೆದು, ಫೈರ್‌ಫಾಕ್ಸ್‌ನಲ್ಲಿ ದರದ ಪುಟ, ಬ್ಯಾಂಕಿನ ಪುಟ ಎರಡನ್ನೂ ಇಟ್ಟಾಗ ಮಾತ್ರ ಬಣ್ಣ ಬಯಲಾಯಿತು. 32-ಬಿಟ್ ಏದುಸಿರು ಬಿಡುತ್ತ ನಡೆಯಿತು. 64-ಬಿಟ್‌ನಲ್ಲಿ ಬ್ಯಾಂಕಿನ ಪುಟದಿಂದ ಲೆಕ್ಕಕ್ಕೆ ಬರುವಷ್ಟರಲ್ಲಿ ಪರದೆ ಹಾಗೇ ಹೆಪ್ಪುಗಟ್ಟಿ, ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಹಿಡಿಯಿತು.

ಅಂದರೆ ಒಂದು ಜಿಬಿಯಲ್ಲೇ ಉಳಿಯುವುದಾದರೆ ಅಂಗಡಿಯವರ ಹಳೇ ಮಾತೇ ಸರಿ. ಆದರೆ ಉಳಿಯಲೇಬೇಕಾ?

ವಾದಕ್ಕಿಂತ ಮೊದಲು ಒಂದು ಸ್ಕ್ರೂ ಬಿಚ್ಚಿ

ಎನ್450 ಪ್ರೊಸೆಸರ್‌ಗೆ ಗರಿಷ್ಠ 2 ಜಿಬಿ ಮೆಮೊರಿ ಹಾಕಬಹುದು. ಬಹುತೇಕ ನೆಟ್‌ಬುಕ್‌ಗಳಲ್ಲಿ ಸ್ಲಾಟ್ ಒಂದೇ, ಆದ್ದರಿಂದ ಇರುವ 1 ಜಿಬಿಯ ಪಕ್ಕಕ್ಕೆ ಇನ್ನೊಂದು ಸೇರಿಸಲಾಗದು. ಅದನ್ನು ತೆಗೆದು 2 ಜಿಬಿಯ ಒಂದೇ ಕಡ್ಡಿ ಹಾಕಬೇಕು. ಲ್ಯಾಪ್‌ಟಾಪ್‌ನ ಡಿಡಿಆರ್2 ಬೇಕು ಅಂತ ಸ್ಪಷ್ಟವಾಗಿ ಕೇಳಿ. ಡೆಸ್ಕ್‌ಟಾಪ್‌ನದ್ದು ಉದ್ದ, ಕೂರುವುದೇ ಇಲ್ಲ. ಡಿಡಿಆರ್3ರ ಕಚ್ಚು ಬೇರೆ ಜಾಗದಲ್ಲಿರುತ್ತದೆ, ಒತ್ತಿ ಕೂರಿಸಲು ಹೋದರೆ ಸ್ಲಾಟ್ ಮುರಿದೀತು. ಹಳೆಯ ಕಡ್ಡಿಯನ್ನೇ ಬಿಚ್ಚಿಕೊಂಡು ಹೋಗಿ ತೋರಿಸುವುದು ಎಲ್ಲಕ್ಕಿಂತ ಸುಲಭ. ಹೊಸದು ಸಿಗುವುದು ಕಷ್ಟ. ಹುಬ್ಬಳ್ಳಿಯಲ್ಲಿ ಹಳೇ ಲ್ಯಾಪ್‌ಟಾಪ್ ಬಿಚ್ಚಿ ಬಿಡಿಭಾಗ ಮಾರುವವರ ಬಳಿ ಹುಡುಕಿದರೆ ಸಿಕ್ಕೀತು.

ಸೆಕೆಂಡ್‌ಹ್ಯಾಂಡ್ ಕಡ್ಡಿ ಹಾಕಿದ ಮೇಲೆ `memtest86+` ಒಂದು ಪೂರ್ತಿ ಸುತ್ತು ಓಡಿಸಿ. ನಿಧಾನದ ಯಂತ್ರದಲ್ಲಿ ಇದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು, ರಾತ್ರಿ ಬಿಟ್ಟು ಮಲಗಿ. ಕೆಂಪು ಸಾಲು ಒಂದೇ ಒಂದು ಬಂದರೂ ಕಡ್ಡಿ ವಾಪಸ್ ಕೊಡಿ. ಈ ಪರೀಕ್ಷೆ ಬಿಟ್ಟರೆ ಇನ್‌ಸ್ಟಾಲ್ ಒಮ್ಮೆ 40 ಶೇಕಡಾದಲ್ಲಿ, ಇನ್ನೊಮ್ಮೆ 70ರಲ್ಲಿ ನಿಂತು, ಪ್ರತಿಸಲ ಬೇರೆ ಬೇರೆ ದೋಷ ತೋರಿಸುತ್ತದೆ. ಆಗ 64-ಬಿಟ್ ಈ ಯಂತ್ರಕ್ಕೆ ಒಗ್ಗಲಿಲ್ಲ ಅಂತ ತಪ್ಪು ತಿಳಿಯುತ್ತೀರಿ. ದೋಷ ಜಾಗ ಬದಲಿಸುತ್ತ ಓಡಾಡಿದರೆ ಮೊದಲ ಅನುಮಾನ ಮೆಮೊರಿ ಮೇಲೆಯೇ ಇರಲಿ.

2 ಜಿಬಿ ಹಾಕಿ ಅದೇ ಅಳತೆ ಮತ್ತೆ ಮಾಡಿದಾಗ 64-ಬಿಟ್‌ನಲ್ಲೂ `si`, `so` ಸೊನ್ನೆಯಲ್ಲೇ ನಿಂತವು. ಎರಡಕ್ಕೂ ವ್ಯತ್ಯಾಸ ಕೈಗೆ ತಿಳಿಯದಂತಾಯಿತು. ಎನ್450 ಎಂಥ ಸಾಫ್ಟ್‌ವೇರ್ ಹಾಕಿದರೂ ನಿಧಾನದ ಪ್ರೊಸೆಸರೇ. ಆದರೆ ನಿಧಾನ ಬೇರೆ, ಹೆಪ್ಪುಗಟ್ಟುವುದು ಬೇರೆ.

ಎಷ್ಟು ವರ್ಷ ಅಪ್‌ಡೇಟ್ ಬೇಕು?

ಬ್ಯಾಂಕಿನ ಪುಟ ತೆರೆಯುವ ಯಂತ್ರಕ್ಕೆ ಇದೇ ನಿರ್ಣಾಯಕ ಪ್ರಶ್ನೆ. 32-ಬಿಟ್‌ಗೆ ಈಗ ಆಸರೆಯಾಗಿರುವುದು ಡೆಬಿಯನ್ 12 ಮತ್ತು ಅದರ ಮೇಲೆ ಕಟ್ಟಿದವು. ಅದರ ದೀರ್ಘಾವಧಿ ಬೆಂಬಲ 2028ರ ಜೂನ್‌ಗೆ ಮುಗಿಯುತ್ತದೆ. ಅಲ್ಲಿಂದ 13ಕ್ಕೆ ಏರಿಸಲು ಹೋಗಬೇಡಿ ಅಂತ ಡೆಬಿಯನ್‌ನವರೇ ಬಿಡುಗಡೆ ಟಿಪ್ಪಣಿಯಲ್ಲಿ ಹೇಳಿದ್ದಾರೆ. 13ರಲ್ಲಿ `i386` ಪ್ಯಾಕೇಜ್‌ಗಳು ಇವೆ, ಆದರೆ ಅವು 64-ಬಿಟ್ ಯಂತ್ರದಲ್ಲಿ ಹಳೇ ಪ್ರೋಗ್ರಾಂ ನಡೆಸಲಿಕ್ಕಷ್ಟೇ. 64-ಬಿಟ್ ಡೆಬಿಯನ್ 13ಕ್ಕೆ ದೀರ್ಘಾವಧಿ ಬೆಂಬಲ 2030ರ ಜೂನ್‌ವರೆಗೆ ಇದೆ, ಮುಗಿದ ಮೇಲೆ ಮುಂದಿನದಕ್ಕೆ ಏರುವ ದಾರಿಯೂ ಇದೆ.

ಬ್ರೌಸರ್ ಕಥೆ ಇನ್ನೂ ಬಿಗಿ. ಕ್ರೋಮ್ 32-ಬಿಟ್ ಲಿನಕ್ಸ್ ಅನ್ನು 2016ರಲ್ಲೇ ಬಿಟ್ಟಿತು. ಮೊಜಿಲ್ಲಾ ತಾನು ಕೊಡುವ 32-ಬಿಟ್ ಲಿನಕ್ಸ್ ಫೈರ್‌ಫಾಕ್ಸ್ ಅನ್ನು 145ನೇ ಆವೃತ್ತಿಯಿಂದ ನಿಲ್ಲಿಸಿದೆ. ದೀರ್ಘಾವಧಿಯ 140ಕ್ಕೆ ಕನಿಷ್ಠ 2026ರ ಸೆಪ್ಟೆಂಬರ್‌ವರೆಗೆ ಅಪ್‌ಡೇಟ್ ಕೊಡುವುದಾಗಿ ಹೇಳಿದೆ. ಹಣದ ವ್ಯವಹಾರ ಇರುವ ಯಂತ್ರಕ್ಕೆ ಇಷ್ಟು ಸಾಕು ಅಂತ ನನಗೆ ಅನಿಸುವುದಿಲ್ಲ.

ಇನ್ನೊಂದು ಮಾತು. 32-ಬಿಟ್ ಹಾಕಿ, ಮುಂದೆ ಬೇಕಾದಾಗ 64ಕ್ಕೆ ಬದಲಿಸಿದರಾಯಿತು ಅಂದುಕೊಳ್ಳಬೇಡಿ. ಅಪ್‌ಗ್ರೇಡ್ ಗುಂಡಿ ಒತ್ತಿ ಆಗುವ ಕೆಲಸ ಅದಲ್ಲ. ನಿಮ್ಮ ಫೈಲುಗಳನ್ನು ಬೇರೆಡೆ ತೆಗೆದಿಟ್ಟು, ಹೊಸದಾಗಿ ಇನ್‌ಸ್ಟಾಲ್ ಮಾಡಬೇಕು. ಇವತ್ತು ಮಾಡುವ ಆಯ್ಕೆ ಯಂತ್ರದ ಉಳಿದ ಆಯುಷ್ಯಕ್ಕೆ ಹೆಚ್ಚುಕಡಿಮೆ ಕೊನೆಯದು.

ನಡುವಿನ ದಾರಿಯೊಂದನ್ನು ಕೆಲವರು ಸೂಚಿಸುತ್ತಾರೆ: ಡೆಬಿಯನ್ 12ರಲ್ಲಿ ಪ್ರೋಗ್ರಾಂಗಳೆಲ್ಲ 32-ಬಿಟ್, ಕರ್ನಲ್ ಮಾತ್ರ 64-ಬಿಟ್. ನಡೆಯುವುದೇನೋ ನಡೆಯುತ್ತದೆ. ಆದರೆ ಅದರ ನಿಜವಾದ ಉಪಯೋಗ ಮೆಮೊರಿ ಹೆಚ್ಚಿರುವ ಯಂತ್ರಕ್ಕೆ, ಯಾಕೆಂದರೆ 32-ಬಿಟ್ ಕರ್ನಲ್ ನೇರವಾಗಿ ಮುಟ್ಟುವುದು 896 ಎಂಬಿಯಷ್ಟನ್ನೇ, ಮಿಕ್ಕದ್ದಕ್ಕೆ ಸುತ್ತುದಾರಿ ಹಿಡಿಯುತ್ತದೆ. ಒಂದು ಜಿಬಿಯವರಿಗೆ ಅದರಿಂದ ಸಿಗುವುದು ಏನೂ ಇಲ್ಲ. 2028ರ ಗಡುವೂ ತಪ್ಪುವುದಿಲ್ಲ.

64-ಬಿಟ್ ಹಾಕುವಾಗ ಮೆಮೊರಿ ಉಳಿಸಿಕೊಳ್ಳುವುದು

ಬ್ಯಾಡಗಿಯ ನೆಟ್‌ಬುಕ್‌ಗೆ ಡೆಬಿಯನ್ 13ರ `amd64` ನೆಟ್‌ಇನ್‌ಸ್ಟ್ ಇಮೇಜ್ ತೆಗೆದುಕೊಂಡೆ. ವಿಂಡೋಸ್‌ನಲ್ಲಿ ರೂಫಸ್ ಬಳಸಿ ಪೆನ್‌ಡ್ರೈವ್‌ಗೆ ಬರೆಯಬಹುದು. ಬೂಟ್ ಆದ ಮೇಲೆ ಮೆನುವಿನಲ್ಲಿ `Graphical install` ಬಿಟ್ಟು ಬರೀ `Install` ಆರಿಸಿ. ಅಕ್ಷರದ ಪರದೆ ಬರುತ್ತದೆ, ಮೆಮೊರಿ ಕಡಿಮೆ ಸಾಕು. ನೋಡಲು ಬೇರೆ, ಪ್ರಶ್ನೆಗಳು ಅವೇ. ರೂಟ್ ಪಾಸ್‌ವರ್ಡ್ ಕೇಳಿದಾಗ ಖಾಲಿ ಬಿಟ್ಟು ಮುಂದೆ ಹೋಗಿ, ಆಗಲೇ ಮುಂದೆ ಬರುವ `sudo` ಕಮಾಂಡ್‌ಗಳು ನಡೆಯುತ್ತವೆ. ಡಿಸ್ಕ್ ಹಂಚುವಾಗ ಸ್ವಾಪ್ ಭಾಗ ತೆಗೆಯಬೇಡಿ. ಡೆಸ್ಕ್‌ಟಾಪ್ ಆಯ್ಕೆಯಲ್ಲಿ ಭಾರದ ಗ್ನೋಮ್‌ನ ಗುರುತು ತೆಗೆದು ಹಗುರವಾದ ಎಲ್‌ಎಕ್ಸ್‌ಡಿಇ ಮಾತ್ರ ಗುರುತು ಮಾಡಿ. ಸ್ಪೇಸ್ ಕೀಲಿ ಒತ್ತಿ ಗುರುತು ಹಾಕಬೇಕು, ಎಂಟರ್ ಒತ್ತಿದರೆ ಮುಂದೆ ಹೋಗಿಬಿಡುತ್ತದೆ. ಇಲ್ಲಿ ಎಡವಿ ಗ್ನೋಮ್ ಹಾಕಿಕೊಂಡರೆ 32 ಹಾಕಿದರೂ ಅಷ್ಟೇ, 64 ಹಾಕಿದರೂ ಅಷ್ಟೇ.

ಇನ್‌ಸ್ಟಾಲ್ ಆದ ಮೇಲೆ ಎರಡು ಕೆಲಸ. ಮೊದಲನೆಯದು ಹೆಚ್ಚು ಜನ ಗಮನಿಸದ್ದು. ಡೆಬಿಯನ್ 13ರಿಂದ `/tmp` ಎಂಬ ತಾತ್ಕಾಲಿಕ ಫೋಲ್ಡರ್ ಡಿಸ್ಕಿನಲ್ಲಿ ಇರುವುದಿಲ್ಲ, ಮೆಮೊರಿಯಲ್ಲೇ ಇರುತ್ತದೆ, ಮತ್ತು ಅರ್ಧ ಮೆಮೊರಿಯವರೆಗೂ ಬೆಳೆಯಬಹುದು. 16 ಜಿಬಿಯ ಯಂತ್ರಕ್ಕೆ ಅದು ಒಳ್ಳೆಯದು. 2 ಜಿಬಿಯವರು ಅದನ್ನು ಡಿಸ್ಕಿಗೆ ವಾಪಸ್ ಕಳಿಸಿ, ಯಂತ್ರ ಒಮ್ಮೆ ರೀಸ್ಟಾರ್ಟ್ ಮಾಡಿ:

```
sudo systemctl mask tmp.mount
```

ಎರಡನೆಯದು ಜಿರ್‍ಯಾಮ್. ತುಂಬಿಬಂದ ಮೆಮೊರಿಯ ಪುಟಗಳನ್ನು ಡಿಸ್ಕಿಗೆ ಕಳಿಸುವ ಬದಲು ಒತ್ತಿ ಚಿಕ್ಕದು ಮಾಡಿ ಮೆಮೊರಿಯಲ್ಲೇ ಇಡುವ ವ್ಯವಸ್ಥೆ.

```
sudo apt install zram-tools
sudo nano /etc/default/zramswap
```

ಆ ಫೈಲಿನಲ್ಲಿ `ALGO=lz4` ಮತ್ತು `PERCENT=50` ಎಂಬ ಸಾಲುಗಳ ಮುಂದಿನ `#` ತೆಗೆದು ಉಳಿಸಿ. ಇನ್ನೂ ಚೆನ್ನಾಗಿ ಒತ್ತುವ `zstd` ಕೂಡ ಇದೆ, ಆದರೆ ಅದು ಪ್ರೊಸೆಸರ್‌ಗೆ ಭಾರ. ಆಟಂನಂಥ ಬಡ ಪ್ರೊಸೆಸರ್‌ಗೆ `lz4` ಸಾಕು. ಬಳಿಕ ಇದನ್ನು ಕೊಟ್ಟು, `/dev/zram0` ಕಾಣುತ್ತದೆಯೇ ಮತ್ತು ಅದರ ಆದ್ಯತೆಯ ಅಂಕಿ ಡಿಸ್ಕಿನ ಸ್ವಾಪ್‌ಗಿಂತ ಹೆಚ್ಚಿದೆಯೇ ನೋಡಿ:

```
sudo systemctl restart zramswap
sudo swapon --show
```

32-ಬಿಟ್ ಪ್ರೋಗ್ರಾಂಗಳನ್ನು ಇದರ ಮೇಲೆ ಹಾಕುವ ಮುನ್ನ ಯೋಚಿಸಿ. ವೈನ್ ಮೂಲಕ ಹಳೇ ವಿಂಡೋಸ್ ಪ್ರೋಗ್ರಾಂ ನಡೆಸಬೇಕಾದಾಗ, ಅಥವಾ ಕೆಲವು ಹಳೇ ಲೇಸರ್ ಪ್ರಿಂಟರ್‌ಗಳ ಡ್ರೈವರ್ ಹಾಕುವಾಗ, `i386` ಲೈಬ್ರರಿಗಳೂ ಬೇಕಾಗುತ್ತವೆ. ಆಗ ಒಂದೇ ಲೈಬ್ರರಿಯ ಎರಡೆರಡು ಪ್ರತಿ ಮೆಮೊರಿಗೆ ಬರುತ್ತವೆ, 64-ಬಿಟ್‌ನ ಖರ್ಚು ನಿಜಕ್ಕೂ ಭಾರವಾಗುವುದು ಆಗಲೇ. ದಿನವಿಡೀ ನಡೆಯುವುದು ಇಂಥದ್ದೊಂದು ಪ್ರೋಗ್ರಾಂ ಮಾತ್ರ, ಇಂಟರ್ನೆಟ್ ಬೇಕಿಲ್ಲ ಅನ್ನುವವರಿಗೆ 32-ಬಿಟ್ಟೇ ಸರಿ. ಕನ್ನಡ ಟೈಪಿಂಗ್‌ಗೆ ಈ ತೊಂದರೆ ಇಲ್ಲ. `ibus-m17n` ಹಾಕಿಕೊಂಡರೆ ಕೆಜಿಪಿ ವಿನ್ಯಾಸ ಎರಡರಲ್ಲೂ ಸಿಗುತ್ತದೆ.

64-ಬಿಟ್ ಅಂತ ಹೆಸರಿರುವ ಎಲ್ಲ ಲಿನಕ್ಸೂ ಇಂಥ ಯಂತ್ರದಲ್ಲಿ ಏಳುವುದಿಲ್ಲ ಅನ್ನುವುದೂ ಗೊತ್ತಿರಲಿ. ರೆಡ್ ಹ್ಯಾಟ್ 9ಕ್ಕೆ `x86-64-v2` ಎಂಬ ಮೇಲಿನ ಮಟ್ಟ ಬೇಕು, ಅದರ 10ಕ್ಕೆ ಇನ್ನೂ ಮೇಲಿನ `v3`. ಎನ್450 ಆಗಲಿ ಕೋರ್ 2 ಡ್ಯುಯೋ ಆಗಲಿ `v2` ಮುಟ್ಟುವುದಿಲ್ಲ. ಡೆಬಿಯನ್ 13 ಇನ್ನೂ ಮೊದಲ ಮಟ್ಟದಲ್ಲೇ ಇದೆ, ಅದಕ್ಕೇ ಅದನ್ನು ಆರಿಸಿದ್ದು.

`lm` ಇಲ್ಲದವರಿಗೆ

ಎನ್270 ಅಥವಾ ಕೋರ್ ಡ್ಯುಯೋ ಇದ್ದವರಿಗೆ ಆಯ್ಕೆಯ ಪ್ರಶ್ನೆಯೇ ಇಲ್ಲ. ಡೆಬಿಯನ್ 12ರ `i386`, ಇಲ್ಲವೇ ಆಂಟಿಎಕ್ಸ್ 23ರ `386` ಹಾಕಿ, 2028ರ ಜೂನ್‌ವರೆಗೆ ನಡೆಸಿ. ಆಮೇಲೂ ಬೇಕೆಂದರೆ ಆಲ್ಪೈನ್ ಮತ್ತು ವಾಯ್ಡ್ 32-ಬಿಟ್ ಆವೃತ್ತಿ ಕೊಡುತ್ತ ಬಂದಿವೆ, ಆದರೆ ಅವನ್ನು ಹೊಂದಿಸಿಕೊಳ್ಳಲು ಟರ್ಮಿನಲ್ ಅಭ್ಯಾಸ ಬೇಕು.

ಇನ್ನೂ ಹಳೆಯ ಪೆಂಟಿಯಂ ಎಂ ಲ್ಯಾಪ್‌ಟಾಪ್‌ಗಳಲ್ಲಿ ಕೆಲವು `This kernel requires the following features not present on the CPU: pae` ಅಂತ ಹೇಳಿ ನಿಲ್ಲುತ್ತವೆ. ಡೆಬಿಯನ್ 12ರಲ್ಲಿ 32-ಬಿಟ್‌ಗೆ `686` ಮತ್ತು `686-pae` ಎಂದು ಎರಡು ಕರ್ನಲ್ ಇವೆ. ಇವಕ್ಕೆ ಮೊದಲನೆಯದು ಬೇಕು. ಬಹಳಷ್ಟು ಪೆಂಟಿಯಂ ಎಂಗಳಲ್ಲಿ ಆ ಸೌಲಭ್ಯ ಇದ್ದೂ ಇಲ್ಲವೆಂದು ತೋರಿಸುವುದರಿಂದ ಬೂಟ್ ಸಾಲಿನ ಕೊನೆಗೆ `forcepae` ಸೇರಿಸಿದರೂ ಹತ್ತಿಕೊಳ್ಳುತ್ತವೆ.

ಇಂಥ ಯಂತ್ರದಲ್ಲಿ ಬ್ಯಾಂಕ್ ಕೆಲಸ ಬೇಡ. ತೂಕದ ಚೀಟಿ ಬರೆಯಲು, ಬಿಲ್ ಮುದ್ರಿಸಲು, ಮಕ್ಕಳಿಗೆ ಟೈಪಿಂಗ್ ಕಲಿಸಲು ಇಟ್ಟುಕೊಂಡರೆ ಒಂದು ಜಿಬಿಯೂ ಧಾರಾಳ.

ಹಾಕಿದ ಮೇಲೆ ನಿಧಾನ ಅನಿಸಿದರೆ

ಮೊದಲು ಹಾರ್ಡ್‌ಡಿಸ್ಕಿನ ಸಣ್ಣ ದೀಪ ನೋಡಿ. ಮೌಸ್ ಕೂಡ ಅಲ್ಲಾಡದೆ ದೀಪ ಬಿಡದೆ ಉರಿಯುತ್ತಿದ್ದು, `vmstat` ನಲ್ಲಿ `so` ಓಡುತ್ತಿದ್ದರೆ ಮೆಮೊರಿ ಸಾಲದು. ಟ್ಯಾಬ್ ಮುಚ್ಚಿ, ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಹಾಕಿ. ಸುದ್ದಿ ಪುಟಗಳಲ್ಲಿ ಅದೊಂದೇ ಬಹಳ ಉಳಿಸುತ್ತದೆ. ದೀಪ ಶಾಂತವಾಗಿದ್ದು `us` ಕಂಬ ನೂರರ ಹತ್ತಿರ ನಿಂತಿದ್ದರೆ ಅದು ಪ್ರೊಸೆಸರ್‌ನ ಮಿತಿ. ಅದಕ್ಕೆ 32-ಬಿಟ್‌ಗೆ ಹಿಂದಿರುಗಿದರೆ ಪ್ರಯೋಜನ ಇಲ್ಲ, ಮೆಮೊರಿ ಏರಿಸಿದರೂ ಇಲ್ಲ.

ಬ್ಯಾಡಗಿಯ ನೆಟ್‌ಬುಕ್ ಯೂಟ್ಯೂಬ್ ವಿಡಿಯೊದಲ್ಲಿ ತೊದಲುವುದು ಈ ಎರಡನೇ ಕಾರಣಕ್ಕೆ. ಮಾಲೀಕರಿಗೆ ಹೇಳಿದೆ. "ವಿಡಿಯೊ ನೋಡಾಕ ಮೊಬೈಲ್ ಐತಲ್ರಿ, ಇದ್ರಾಗ ನನಗ ಲಾಟ್ ಲೆಕ್ಕ ಆದ್ರ ಸಾಕು" ಅಂದರು. ಲೆಕ್ಕದ ಫೈಲು, ದರದ ಪುಟ, ಬ್ಯಾಂಕಿನ ಪುಟ ಮೂರೂ ಒಟ್ಟಿಗೆ ತೆರೆದಿದ್ದಾಗ ಜಿರ್‍ಯಾಮ್ ಸ್ವಲ್ಪ ಬಳಕೆಯಾಗುತ್ತದೆ, ಡಿಸ್ಕಿನ ಸ್ವಾಪ್ ಮುಟ್ಟುವುದಿಲ್ಲ.